102 ಇದ್ದ ರೇಟು 100.37 ಆಗಿದ್ದು ಹೇಗೆ?

"ಅಣ್ಣಾ, ಫೋನಲ್ಲಿ ರೇಟು 102 ಅಂತ ಇತ್ತು. ಐನೂರು ಶೇರು ಮಾರಿದೆ, ಸರಾಸರಿ 100.37 ಬಿದ್ದಿದೆ. ಮಧ್ಯದಲ್ಲಿ ದುಡ್ಡು ಯಾರು ತಿಂದ್ರು?"

ಯಾರೂ ತಿಂದಿಲ್ಲ ಮಾರಾಯ. ನೀನು ನೋಡಿದ 102 ಅನ್ನೋದು ಆಗಲೇ ಮುಗಿದುಹೋದ ವ್ಯಾಪಾರದ ರೇಟು. ಯಾರೋ ಒಬ್ಬ ಐದೇ ಶೇರು 102ಕ್ಕೆ ಕೊಂಡಿದ್ದರೂ ಪರದೆ ಮೇಲೆ ಅದೇ ಕಾಣುತ್ತದೆ. ನಿನ್ನ ಐನೂರನ್ನೂ ಆ ರೇಟಿಗೆ ತಗೋತೀನಿ ಅಂತ ಯಾರೂ ಮಾತು ಕೊಟ್ಟಿರಲಿಲ್ಲ.

ಮಾತು ಕೊಟ್ಟವರ ಪಟ್ಟಿ ಬೇರೆ ಇದೆ, ಅದೇ ಆರ್ಡರ್ ಬುಕ್. ಅದರಲ್ಲಿ ಎರಡು ಸಾಲು. ಒಂದು ಕಡೆ ಕೊಳ್ಳುವವರು, ಹೆಚ್ಚು ರೇಟು ಬರೆದವನು ಮೇಲೆ. ಇನ್ನೊಂದು ಕಡೆ ಮಾರುವವರು, ಕಡಿಮೆ ರೇಟು ಬರೆದವನು ಮೇಲೆ. ಇಬ್ಬರು ಒಂದೇ ರೇಟು ಬರೆದಿದ್ದರೆ ಮೊದಲು ಬಂದವನು ಮುಂದೆ. ನಡುವೆ ರೇಟು ಬದಲಿಸಿದರೆ ಅಥವಾ ಇನ್ನಷ್ಟು ಶೇರು ಸೇರಿಸಿದರೆ ಮತ್ತೆ ಸಾಲಿನ ಕೊನೆಗೆ ಹೋಗಬೇಕು. ಇಷ್ಟೇ ನಿಯಮ, ಉಳಿದದ್ದೆಲ್ಲ ಕಂಪ್ಯೂಟರ್ ಮಾಡುತ್ತದೆ.

ಅವನು ಮಾರುವ ಮುಂಚೆ ತೆಗೆದ ಸ್ಕ್ರೀನ್‌ಶಾಟ್ ತೋರಿಸಿದ. ಕೊಳ್ಳುವವರ ಸಾಲು ಹೀಗಿತ್ತು:

101.90 ಕ್ಕೆ 60
101.50 ಕ್ಕೆ 90
100.75 ಕ್ಕೆ 50
100.00 ಕ್ಕೆ 200
99.00 ಕ್ಕೆ 300

ಮಾರುವವರಲ್ಲಿ ಮೊದಲನೆಯವನು 102.40 ಕೇಳುತ್ತಿದ್ದ.

ಇವನು ಹಾಕಿದ್ದು ಮಾರ್ಕೆಟ್ ಆರ್ಡರ್. ಅಂದರೆ 'ಎಷ್ಟಕ್ಕಾದರೂ ಸರಿ, ಈಗಲೇ ಮಾರು'. ಮೊದಲ 60 ಶೇರು 101.90ಕ್ಕೆ ಹೋಯಿತು, ಆ ಮೆಟ್ಟಿಲು ಖಾಲಿ. ಆಮೇಲೆ 90, ಆಮೇಲೆ 50, ಆಮೇಲೆ 200. ಇನ್ನೂ ನೂರು ಉಳಿದಿತ್ತಲ್ಲ, ಅದು 99ಕ್ಕೆ ಬಿತ್ತು. ಕೂಡಿದರೆ 50,186 ರೂಪಾಯಿ 50 ಪೈಸೆ, ಶೇರಿಗೆ 100.37. 102ರ ಲೆಕ್ಕದಲ್ಲಿ 51,000 ಬರಬೇಕಿತ್ತು ಅಂತ ಅವನ ಸಂಕಟ. ಕೊಂಡ ಒಬ್ಬೊಬ್ಬರೂ ತಾವು ಬರೆದ ರೇಟನ್ನೇ ಕೊಟ್ಟಿದ್ದಾರೆ, ಒಂದು ಪೈಸೆ ಕಡಿಮೆ ಇಲ್ಲ.

ನಮ್ಮ ದಾವಣಗೆರೆಯವರಿಗೆ ಇಲ್ಲಿ ಗೊಂದಲ ಆಗುವುದು ಸಹಜ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲಾಟಿಗೆ ಟೆಂಡರ್ ಬರೆದಾಗ, ಹೆಚ್ಚು ಬರೆದವನು ಇಡೀ ಲಾಟು ಎತ್ತಬೇಕು. ಶೇರಿನಲ್ಲಿ ಹಾಗಲ್ಲ. 101.90 ಬರೆದವನು 60 ಅಂದರೆ 60, ಅರವತ್ತೊಂದನೆಯದಕ್ಕೆ ಅವನಿಗೂ ನಿನಗೂ ಸಂಬಂಧ ಇಲ್ಲ.

ಹಾಗಾಗಿ ರೇಟಿಗಿಂತ ಮೊದಲು ಡೆಪ್ತ್ ನೋಡಬೇಕು, ಅಂದರೆ ಯಾವ ರೇಟಿಗೆ ಎಷ್ಟು ಶೇರಿನ ಆರ್ಡರ್ ಕಾಯುತ್ತಿದೆ ಅನ್ನೋದು. ನಾನು ನೋಡುವುದು ಎರಡೇ. ಕೊಳ್ಳುವವನ ಮೇಲಿನ ರೇಟಿಗೂ ಮಾರುವವನ ಮೇಲಿನ ರೇಟಿಗೂ ಎಷ್ಟು ಅಂತರ, ಮತ್ತೆ ನನ್ನ ಶೇರೆಲ್ಲ ಹೋಗೋಕೆ ಎಷ್ಟು ಮೆಟ್ಟಿಲು ಇಳಿಯಬೇಕು. ಇಲ್ಲಿ 101.90 ಮತ್ತು 102.40ರ ನಡುಮಧ್ಯೆ 102.15. ಅಲ್ಲಿಂದ 100.37ಕ್ಕೆ ಇಳಿದಿದ್ದು ಸುಮಾರು 1.74 ಶೇಕಡ. ಇದಕ್ಕೆ ಇಂಪ್ಯಾಕ್ಟ್ ಕಾಸ್ಟ್ ಅಂತಾರೆ. ನಿಫ್ಟಿ 50ರಲ್ಲಿ ಸೇರಬೇಕಾದ ಶೇರಿಗೆ ಹತ್ತು ಕೋಟಿ ರೂಪಾಯಿಯ ವಹಿವಾಟಿನ ಮೇಲೆ ಈ ಲೆಕ್ಕ ಹಾಕುತ್ತಾರೆ, ಅದು ಹೆಚ್ಚಿನ ಸಲ ಅರ್ಧ ಶೇಕಡದೊಳಗೆ ಇರಬೇಕು. ಅಲ್ಲಿ ಹತ್ತು ಕೋಟಿಗೆ ಅರ್ಧ ಶೇಕಡ, ಇಲ್ಲಿ ಐವತ್ತು ಸಾವಿರಕ್ಕೇ ಒಂದು ಮುಕ್ಕಾಲು! ಲಿಕ್ವಿಡಿಟಿ ಇದೆ, ಇಲ್ಲ ಅನ್ನುವುದು ಇದಕ್ಕೇ.

ಡೆಪ್ತನ್ನೂ ಪೂರ್ತಿ ನಂಬಬೇಡಿ ಮತ್ತೆ. ಫೋನಲ್ಲಿ ಸಾಮಾನ್ಯವಾಗಿ ಕಾಣುವುದು ಐದೇ ಮೆಟ್ಟಿಲು. ಕೆಳಗೆ 'ಒಟ್ಟು ಬೇಡಿಕೆ ಎರಡು ಲಕ್ಷ ಶೇರು' ಅಂತ ಇದ್ದರೆ ಅದರಲ್ಲಿ 90ಕ್ಕೆ, 85ಕ್ಕೆ ಸುಮ್ನೆ ಬಲೆ ಹಾಕಿ ಕೂತವರೂ ಸೇರಿರುತ್ತಾರೆ. ದೊಡ್ಡ ಆರ್ಡರಿನವರು ಹತ್ತನೇ ಒಂದು ಪಾಲು ಮಾತ್ರ ತೋರಿಸಿ ಉಳಿದದ್ದನ್ನು ಮುಚ್ಚಿಡಬಹುದು, ಅದಕ್ಕೆ ನಿಯಮದಲ್ಲೇ ಅವಕಾಶ ಇದೆ. ಇನ್ನು ಕೆಲವರು ಹತ್ತು ಸಾವಿರ ಶೇರಿನ ಬೇಡಿಕೆ ತೋರಿಸಿ, ರೇಟು ಹತ್ತಿರ ಬಂದ ಕೂಡಲೇ ಆರ್ಡರ್ ಹಿಂತೆಗೆದುಕೊಳ್ಳುತ್ತಾರೆ, ಇದು ನಿಷಿದ್ಧ, ಆದರೂ ನಡೆಯುತ್ತದೆ. ಒಂದು ಹತ್ತು ನಿಮಿಷ ನೋಡಿ. ರೇಟು ಮುಂದೆ ಬಂದಾಗಲೆಲ್ಲ ಆ ದೊಡ್ಡ ಅಂಕಿ ಹಿಂದೆ ಸರಿಯುತ್ತಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

"ಹಾಗಾದ್ರೆ ನಾನು ಏನ್ ಮಾಡ್ಬೇಕಿತ್ತು?" ಅಂದ. 101.50ಕ್ಕೆ ಲಿಮಿಟ್ ಆರ್ಡರ್ ಹಾಕಬಹುದಿತ್ತು, ಅಂದರೆ 'ಇದಕ್ಕಿಂತ ಕಡಿಮೆಗೆ ಮಾರಬೇಡ'. ಆಗ ಮೇಲಿನ 60, ಅದರ ಕೆಳಗಿನ 90, ಒಟ್ಟು 150 ತಕ್ಷಣ ಹೋಗುತ್ತಿತ್ತು. ಉಳಿದ 350 ಮಾರುವವರ ಸಾಲಿನಲ್ಲಿ, 102.40 ಕೇಳುತ್ತಿದ್ದವನಿಗಿಂತ ಮುಂದೆ, 101.50ಕ್ಕೆ ಕಾಯುತ್ತಾ ನಿಲ್ಲುತ್ತಿತ್ತು. ಕೊಳ್ಳುವವನು ಬಂದರೆ ಬಂದ, ಬರದಿದ್ದರೆ ಮೂರೂವರೆಗೆ ಮಾರ್ಕೆಟ್ ಮುಚ್ಚಿದಾಗ ಆರ್ಡರ್ ರದ್ದಾಗುತ್ತದೆ, ಶೇರು ನಿನ್ನ ಹತ್ತಿರವೇ ಉಳಿಯುತ್ತದೆ. ಮಾರನೇ ದಿನ 98ಕ್ಕೆ ಇಳಿದರೆ ನನ್ನನ್ನು ಬೈಯಬೇಡ ಅಂತಲೂ ಹೇಳಿದೆ. ಅವನಿಗೆ ಅವತ್ತೇ ಟ್ರ್ಯಾಕ್ಟರ್ ಕಂತು ಕಟ್ಟುವ ಯೋಚನೆ ಇತ್ತಂತೆ. ಇವತ್ತು ಮಾರಿದರೂ ದುಡ್ಡು ನಾಳೆಯೇ ಅಲ್ವಾ ಬರೋದು ಅಂದಾಗ ಸುಮ್ಮನಾದ.