ಹೆಂಡತಿಯ ಷೇರು, ಅತ್ತೆಯ ಷೇರು ಮತ್ತು ನನ್ನ ತಪ್ಪು ಕೀ ಆನ್ಸರ್

ವಾರವಿಡೀ ಆಡಿಟ್ ಆಫೀಸು, ಭಾನುವಾರ ಬೆಳಿಗ್ಗೆ ಸಿಎ ಇಂಟರ್ ಮಕ್ಕಳಿಗೆ ಪಾಠ. ಹುಬ್ಬಳ್ಳಿಯಲ್ಲಿ ನನ್ನ ದಿನಚರಿ ಹೀಗೇ ಸಾಗಿದೆ. ಇಂಟರ್ ಪೇಪರುಗಳಲ್ಲಿ 100ಕ್ಕೆ 30 ಅಂಕ ಎಂಸಿಕ್ಯೂಗೆ ಹೋಗುವುದರಿಂದ ಆಗಾಗ ಮಾಕ್ ಟೆಸ್ಟ್ ಬರೆಸುತ್ತೇನೆ, ಪ್ರಶ್ನೆಗಳನ್ನೂ ಕೀ ಆನ್ಸರನ್ನೂ ನಾನೇ ತಯಾರಿಸುತ್ತೇನೆ. ಮಕ್ಕಳು ಹೆಚ್ಚು ಬೈದುಕೊಳ್ಳುವುದು ‘ಕೆಳಗಿನವುಗಳಲ್ಲಿ ಅತ್ಯಂತ ಸರಿಯಾದ ಹೇಳಿಕೆ ಯಾವುದು’ ಎಂಬ ಮಾದರಿಯ ಪ್ರಶ್ನೆಗೆ. ಎರಡು ಆಯ್ಕೆ ಸರಿ ಇದ್ದ ಹಾಗೆ ಕಾಣುತ್ತವೆ, ಅಂಕ ಮಾತ್ರ ಒಂದಕ್ಕೇ. ಅಂಥದೇ ಒಂದು ಪ್ರಶ್ನೆಯಲ್ಲಿ ನಾನೇ ಎಡವಿದೆ.

ವಿಷಯ 2013ರ ಕಂಪನಿ ಕಾಯ್ದೆಯ 141(3)(ಡಿ), ಯಾರು ಆಡಿಟರ್ ಆಗಬಾರದು ಎಂದು ಹೇಳುವ ಭಾಗ. ನಾನು ಬರೆದ ಮೊದಲ ಪ್ರಶ್ನೆ ಇದು. ಒಬ್ಬ ಸಿಎ ಒಂದು ಲಿಸ್ಟೆಡ್ ಕಂಪನಿಯ ಆಡಿಟರ್. ಅವರ ಹೆಂಡತಿ ಹೆಸರಿನಲ್ಲಿ ಆ ಕಂಪನಿಯ 10 ರೂಪಾಯಿ ಮುಖಬೆಲೆಯ 6,000 ಷೇರುಗಳಿವೆ, ಮಾರುಕಟ್ಟೆಯಲ್ಲಿ ಒಂದರ ಬೆಲೆ 240 ರೂಪಾಯಿ. ಆಯ್ಕೆ ಎ: ಸಂಬಂಧಿಕರ ಬಳಿ ಷೇರು ಇರುವುದರಿಂದ ಅವರು ಅನರ್ಹರು. ಬಿ: ಷೇರುಗಳ ಮೌಲ್ಯ ಒಂದು ಲಕ್ಷ ದಾಟಿರುವುದರಿಂದ ಅನರ್ಹರು. ಸಿ: ಷೇರು ಅವರದಲ್ಲ, ಹೆಂಡತಿಯದು, ಹಾಗಾಗಿ ಅನರ್ಹರಲ್ಲ. ಡಿ: ಒಟ್ಟು ಮುಖಬೆಲೆ ಒಂದು ಲಕ್ಷ ಮೀರದ ಕಾರಣ ಅನರ್ಹರಲ್ಲ.

ಮಾರುಕಟ್ಟೆ ಲೆಕ್ಕಕ್ಕೆ 14,40,000 ರೂಪಾಯಿ, ಅದನ್ನು ನೋಡಿದವರು ಬಿ ಗುರುತಿಸಿದರು. ಆದರೆ ಕಾಯ್ದೆ ನೋಡುವುದು ಮುಖಬೆಲೆಯನ್ನು. 6,000ವನ್ನು 10ರಿಂದ ಗುಣಿಸಿದರೆ 60,000, ಮಿತಿಯೊಳಗೇ ಇದೆ. ಸಿ ಮತ್ತು ಡಿ ಎರಡೂ ‘ಅನರ್ಹರಲ್ಲ’ ಎನ್ನುತ್ತವೆ. ಮುಟ್ಟಿದ ಊರು ಒಂದೇ, ಆದರೆ ಸಿ ಹಿಡಿದ ದಾರಿ ಸರಿಯಿಲ್ಲ. ಹೆಂಡತಿ ಬಳಿ 11,000 ಷೇರು ಇದ್ದಿದ್ದರೆ ಮುಖಬೆಲೆ 1,10,000 ಆಗುತ್ತಿತ್ತು. ಆಗಲೂ ಸಿ ತನ್ನ ಕಾರಣವನ್ನೇ ಹಿಡಿದು ‘ಅನರ್ಹರಲ್ಲ’ ಎಂದೇ ಹೇಳುತ್ತಿತ್ತು. ಸಂಖ್ಯೆ ಬದಲಾಯಿಸಿ ನೋಡಿದಾಗ ಯಾವ ಹೇಳಿಕೆ ಮುರಿದು ಬೀಳುತ್ತದೆ ಎಂಬ ಈ ಪರೀಕ್ಷೆಯನ್ನು ಮಕ್ಕಳಿಗೆ ಬೋರ್ಡ್ ಮೇಲೆ ಮಾಡಿಸುತ್ತೇನೆ. ಅಂದಹಾಗೆ, ಈ ಒಂದು ಲಕ್ಷದ ರಿಯಾಯಿತಿ ಸಂಬಂಧಿಕರಿಗೆ ಮಾತ್ರ. ಆಡಿಟರ್ ಅಥವಾ ಅವರ ಪಾಲುದಾರ ಒಂದೇ ಒಂದು ಷೇರು ಇಟ್ಟುಕೊಂಡರೂ ಅನರ್ಹರು.

ನನ್ನ ಎಡವಟ್ಟು ಇದರ ಮುಂದಿನ ಪ್ರಶ್ನೆಯಲ್ಲಿತ್ತು. ಅದೇ ಹೆಂಡತಿ ಜೂನ್ 10ರಂದು ಇನ್ನೂ 9,000 ಷೇರು ಕೊಳ್ಳುತ್ತಾರೆ. ಒಟ್ಟು 15,000 ಷೇರು, ಮುಖಬೆಲೆ 1,50,000. ಜುಲೈ 1ರಂದು ಅತ್ಯಂತ ಸರಿಯಾದ ಹೇಳಿಕೆ ಯಾವುದು? ನನ್ನ ಕೀ ಪ್ರಕಾರ ಉತ್ತರ ಬಿ: ‘ನೇಮಕದ ನಂತರ ಅನರ್ಹತೆ ಬಂದರೆ ಆಡಿಟರ್ ಹುದ್ದೆ ತೆರವು ಮಾಡಬೇಕು.’ ಸಿಯಲ್ಲಿ ‘ಕೊಂಡ ದಿನದಿಂದ 60 ದಿನದೊಳಗೆ ಹಿಡುವಳಿಯನ್ನು ಮಿತಿಯೊಳಗೆ ತರಬೇಕು’ ಎಂದಿತ್ತು. ಕಡೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಬಿ ತಪ್ಪಲ್ಲ, 141(4)ರಲ್ಲಿ ಹಾಗೇ ಐತಿ. ಆದ್ರ ಈ ಲೆಕ್ಕಕ್ಕ ಸಿ ಅಲ್ಲೇನ್ರೀ?”

ಅವಳು ಹೇಳಿದ್ದು ಸರಿ. ನಾನು ಕಾಯ್ದೆಯ ಸೆಕ್ಷನ್ ಮಾತ್ರ ನೆನಪಿಟ್ಟುಕೊಂಡು ಕೀ ಬರೆದಿದ್ದೆ. 60 ದಿನದ ಅವಕಾಶ ಇರುವುದು 2014ರ ಆಡಿಟ್ ಮತ್ತು ಆಡಿಟರ್‌ಗಳ ನಿಯಮಾವಳಿಯ 10ನೇ ನಿಯಮದಲ್ಲಿ. ಒಂದು ಲಕ್ಷದ ಮಿತಿಯೂ ಅಲ್ಲಿಯದೇ. ಸೆಕ್ಷನ್ನಿನಲ್ಲಿ ಅಚ್ಚಾಗಿರುವುದು ‘ಒಂದು ಸಾವಿರ ರೂಪಾಯಿ ಅಥವಾ ನಿಗದಿಪಡಿಸಬಹುದಾದ ಮೊತ್ತ’ ಎಂದು. ಬರೀ ಕಾಯ್ದೆ ಓದಿದವರು 1,000 ರೂಪಾಯಿಗೇ ಅಂಟಿಕೊಳ್ಳುತ್ತಾರೆ. ಪ್ರಶ್ನೆ ತೆಗೆಯುವವರಿಗೆ ಇದು ಗೊತ್ತು, ಆದ್ದರಿಂದ ಆ ಸಾವಿರವನ್ನೂ ಒಂದು ಆಯ್ಕೆಯಾಗಿ ಇಡಬಲ್ಲರು.

ಬಿ ಸಾಮಾನ್ಯ ನಿಯಮ, ಯಾವತ್ತೂ ನಿಜ. ಸಿ ಸಂಬಂಧಿಕರು ಷೇರು ಕೊಂಡು ಮಿತಿ ದಾಟಿಸಿದ ಸಂದರ್ಭಕ್ಕೆಂದೇ ಇರುವ ನಿಯಮ. ಪ್ರಶ್ನೆಯಲ್ಲಿ ದಿನಾಂಕ ಕೊಟ್ಟಿದ್ದೇ ಅದಕ್ಕೆ. ಜೂನ್ 10ರಿಂದ 60 ದಿನ ಎಂದರೆ ಆಗಸ್ಟ್ 9. ಜುಲೈ 1ಕ್ಕೆ ಕಾಲಾವಕಾಶ ಇನ್ನೂ ಮುಗಿದಿಲ್ಲ. ಆಗಸ್ಟ್ 9ರೊಳಗೆ ಕನಿಷ್ಠ 5,000 ಷೇರು ಕೈಬಿಟ್ಟರೆ 10,000 ಉಳಿಯುತ್ತವೆ, ಮುಖಬೆಲೆ ನಿಖರವಾಗಿ ಒಂದು ಲಕ್ಷ. ನಿಯಮ ಹೇಳುವುದು ‘ಮೀರಬಾರದು’ ಎಂದು, ಹಾಗಾಗಿ ಒಂದು ಲಕ್ಷ ಇದ್ದರೆ ಅಡ್ಡಿಯಿಲ್ಲ. ಅದೇ ಪ್ರಶ್ನೆಯಲ್ಲಿ ಜುಲೈ 1ರ ಬದಲು ಸೆಪ್ಟೆಂಬರ್ 1 ಎಂದು ಬರೆದು, ಷೇರು ಹಾಗೇ ಉಳಿದಿದೆ ಎಂದಿದ್ದರೆ ಉತ್ತರ ಬಿ ಆಗುತ್ತಿತ್ತು. ಪ್ರಶ್ನೆಯಲ್ಲಿ ಬೇಕಿಲ್ಲದ ತಾರೀಕು ಇದೆ ಅನ್ನಿಸಿದರೆ ಅದನ್ನು ಬಳಸುವ ಆಯ್ಕೆ ಯಾವುದು ಎಂದು ನೋಡಿ ಎನ್ನುತ್ತೇನೆ ಈಗ.

ಅವತ್ತು ಆ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. “ಅತ್ತಿ ಹೆಸರಿನ್ಯಾಗ ಇದ್ರ ಸರ್?” ಅಂದಳು. ಸಂಬಂಧಿಕರು ಯಾರು ಎಂಬುದಕ್ಕೆ 2(77)ರಲ್ಲಿ ಮತ್ತು ಅದರ ನಿಯಮದಲ್ಲಿ ಪಟ್ಟಿ ಇದೆ: ಗಂಡ, ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ. ಸೊಸೆ ಇದ್ದಾಳೆ, ಅತ್ತೆ ಇಲ್ಲ. ನಾನು ಖುಷಿಯಿಂದ “ಅತ್ತೆ ಲೆಕ್ಕಕ್ಕಿಲ್ಲ” ಅಂದೆ. ಆಮೇಲೆ ಮನೆಗೆ ಬರುವಾಗ ಹೊಳೆಯಿತು, ಅದೇ ಪಟ್ಟಿಯಲ್ಲಿ ಅವಿಭಕ್ತ ಹಿಂದೂ ಕುಟುಂಬದ ಸದಸ್ಯರೂ ಇದ್ದಾರಲ್ಲ! ಆಡಿಟರ್ ಸೊಸೆಯಾಗಿದ್ದು, ಅವಳೂ ಗಂಡನ ತಾಯಿಯೂ ಒಂದೇ ಅವಿಭಕ್ತ ಕುಟುಂಬದವರಾಗಿದ್ದರೆ ಅತ್ತೆ ಲೆಕ್ಕಕ್ಕೆ ಬಂದೇ ಬರುತ್ತಾರೆ. ಆಡಿಟರ್ ಅಳಿಯನಾಗಿದ್ದರೆ ಹೆಂಡತಿಯ ತಾಯಿ ಆ ದಾರಿಯಿಂದ ಬರುವುದಿಲ್ಲ. ಮುಂದಿನ ಭಾನುವಾರ ಇದನ್ನೂ ಒಪ್ಪಿಕೊಳ್ಳಬೇಕಾಯಿತು. ಕಾಯ್ದೆಯ ಪಟ್ಟಿಯಲ್ಲಿ ಇಲ್ಲದವರೆಂದ ಮಾತ್ರಕ್ಕೆ ಆಡಿಟರ್ ಸ್ವಾತಂತ್ರ್ಯದ ಪ್ರಶ್ನೆ ಮುಗಿಯುವುದಿಲ್ಲ, ಸಿಎಗಳ ಸಂಸ್ಥೆ ಐಸಿಎಐನ ನೀತಿಸಂಹಿತೆಯ ಕಣ್ಣಿನಿಂದ ಅದನ್ನು ಬೇರೆಯಾಗಿ ನೋಡಬೇಕು. ಆದರೆ ಪ್ರಶ್ನೆ ‘ಕಂಪನಿ ಕಾಯ್ದೆಯ ಪ್ರಕಾರ’ ಎಂದು ಶುರುವಾದರೆ ನೀತಿಸಂಹಿತೆಯ ಆಯ್ಕೆ ಎಷ್ಟೇ ನಿಜವಾಗಿದ್ದರೂ ಉತ್ತರವಲ್ಲ.

ಆಡಿಟಿಂಗ್ ಪೇಪರಿನಲ್ಲೂ ಇದೇ ಆಟ, ಆದರೆ ಅಲ್ಲಿ ಬೀಳಿಸುವುದು ಹೆಚ್ಚಾಗಿ ಕ್ರಮ. ಸ್ಟಾಕ್ ಎಣಿಕೆಯ ದಿನ ಆಡಿಟರ್‌ಗೆ ಹೋಗಲು ಆಗಲಿಲ್ಲ ಎಂದ ಕೂಡಲೇ ಅರ್ಧ ತರಗತಿ ‘ಅಭಿಪ್ರಾಯ ನಿರಾಕರಿಸಬೇಕು’ ಎಂಬುದಕ್ಕೆ ಟಿಕ್ ಹಾಕುತ್ತದೆ. ಆಡಿಟಿಂಗ್ ಮಾನದಂಡ ಎಸ್‌ಎ 501 ಹೇಳುವುದು ಮೊದಲು ಬೇರೆ ದಿನ ಎಣಿಕೆ ನೋಡಿ, ನಡುವಿನ ವ್ಯವಹಾರಗಳನ್ನು ಪರಿಶೀಲಿಸಿ ಎಂದು. ಎಣಿಕೆಗೆ ಹೋಗುವುದೇ ಕಾರ್ಯಸಾಧ್ಯವಲ್ಲದಿದ್ದರೆ ಬೇರೆ ವಿಧಾನದಿಂದ ಸಾಕ್ಷ್ಯ ಹುಡುಕಬೇಕು. ಅದೂ ಸಿಗದಿದ್ದಾಗ ಮಾತ್ರ ಅಭಿಪ್ರಾಯ ಮಾರ್ಪಡಿಸುವ ಎಸ್‌ಎ 705ರ ಬಾಗಿಲು. ಆಗಲೂ ಪರಿಣಾಮ ದೊಡ್ಡದಾಗಿದ್ದು ವ್ಯಾಪಕವಲ್ಲದಿದ್ದರೆ ಕ್ವಾಲಿಫೈಡ್, ವ್ಯಾಪಕವಾಗಿದ್ದರೆ ನಿರಾಕರಣೆ.

ಆ ಭಾನುವಾರದ ನಂತರ ಆಫೀಸಿನಲ್ಲಿ ನಾನು ಮಾಡಿದ ಒಂದು ಬದಲಾವಣೆ ಹೇಳಿಬಿಡುತ್ತೇನೆ. ಹೊಸ ಆಡಿಟ್ ಒಪ್ಪುವ ಮೊದಲು ಎಲ್ಲರಿಂದ ಒಂದು ಘೋಷಣಾ ಪತ್ರ ತೆಗೆದುಕೊಳ್ಳುತ್ತೇವೆ. ಅದರಲ್ಲಿ ‘ಕುಟುಂಬದವರ ಷೇರುಗಳ ಮೌಲ್ಯ’ ಎಂಬ ಒಂದೇ ಕಾಲಂ ಇತ್ತು, ಎಲ್ಲರೂ ಡಿಮ್ಯಾಟ್ ಆ್ಯಪಿನಲ್ಲಿ ಕಾಣುವ ಮಾರುಕಟ್ಟೆ ಬೆಲೆಯನ್ನೇ ತುಂಬುತ್ತಿದ್ದರು. ಈಗ ಅದನ್ನು ಒಡೆದು ಷೇರುಗಳ ಸಂಖ್ಯೆ, ಮುಖಬೆಲೆ, ಕೊಂಡ ದಿನಾಂಕ ಎಂದು ಮೂರು ಮಾಡಿದ್ದೇನೆ. ನಾಲ್ಕನೆಯದಾಗಿ ಬೋನಸ್ ಷೇರು ಎಂಬ ಕಾಲಂ ಸೇರಿತು. ಮುಖಬೆಲೆ 10ರಿಂದ 2ಕ್ಕೆ ಸೀಳಿದರೆ ಒಟ್ಟು ಮುಖಬೆಲೆ ಬದಲಾಗುವುದಿಲ್ಲ. ಆದರೆ ಒಂದಕ್ಕೊಂದು ಬೋನಸ್ ಬಂದರೆ ಆ 60,000 ಒಂದೇ ರಾತ್ರಿಗೆ 1,20,000 ಆಗುತ್ತದೆ, ಹೆಂಡತಿ ಒಂದು ಪೈಸೆ ಖರ್ಚು ಮಾಡದಿದ್ದರೂ. ಮುಂದಿನ ಟೆಸ್ಟಿಗೆ ಇದನ್ನೇ ಪ್ರಶ್ನೆ ಮಾಡಿದೆ. ಈ ಸಲ ಕೀ ಬರೆಯುವಾಗ ನಿಯಮಾವಳಿಯ ಪುಸ್ತಕ ಎದುರಿಗೇ ಬಿಚ್ಚಿಟ್ಟುಕೊಂಡಿದ್ದೆ.