ಯಾವ ಅಜ್ಜಿ?

ಬೆಂಗಳೂರಿನಲ್ಲಿ ನನ್ನ ಹತ್ತಿರ ರಷ್ಯನ್ ಕಲಿಯುವ ಹುಡುಗಿಯೊಬ್ಬಳು ಒಂದು ಸಣ್ಣ ಕಥೆ ಬರೆದು ತಂದಿದ್ದಳು. ಕಥೆಯಲ್ಲಿ ಅವಳು ಅಂಗಡಿಗೆ ಹೋಗುತ್ತಾಳೆ, ಆಮೇಲೆ ಬರುವ ವಾಕ್ಯ: ‘ಸ್ತಾರುಷ್ಕಾ ಸ್ತೊಯಾಲಾ ಉ ದ್ವೇರಿ.’ ಸ್ತಾರುಷ್ಕಾ ಅಂದರೆ ಅಜ್ಜಿ, ಸ್ತೊಯಾಲಾ ಅಂದರೆ ನಿಂತಿದ್ದಳು, ಉ ದ್ವೇರಿ ಅಂದರೆ ಬಾಗಿಲ ಹತ್ತಿರ. ವಿಭಕ್ತಿ, ಲಿಂಗ, ಕಾಲ ಎಲ್ಲಾ ಸರಿ. ಆದರೂ ಓದುವಾಗ ‘ಯಾವ ಅಜ್ಜಿ?’ ಅಂತ ನಾನು ಹಿಂದಿನ ಸಾಲಿಗೆ ಹೋಗಿ ಹುಡುಕಿದೆ. ಅಲ್ಲಿ ಯಾರೂ ಇರಲಿಲ್ಲ.

‘ಇದು ಸಹಜವಾಗಿಲ್ಲ’ ಅಂತ ಅಂಚಿನಲ್ಲಿ ಬರೆದರೆ ಅವಳಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಕೇಳಿದೆ: ‘ಈ ವಾಕ್ಯ ಯಾವ ಪ್ರಶ್ನೆಗೆ ಉತ್ತರ? ಅಜ್ಜಿ ಎಲ್ಲಿದ್ದಳು ಅಂತಲೋ, ಬಾಗಿಲ ಹತ್ತಿರ ಯಾರಿದ್ದರು ಅಂತಲೋ?’

‘ಯಾರಿದ್ದರು ಅಂತ, ಮ್ಯಾಮ್.’

‘ಹಾಗಾದರೆ ಉತ್ತರವನ್ನು ಕೊನೆಗೆ ಇಡು.’

ಅವಳು ಬರೆದಳು: ‘ಉ ದ್ವೇರಿ ಸ್ತೊಯಾಲಾ ಸ್ತಾರುಷ್ಕಾ.’ ಈಗ ಅಜ್ಜಿ ಕಥೆಯೊಳಗೆ ಬಂದಳು.

ರಷ್ಯನ್‌ನಲ್ಲಿ ಇಂಗ್ಲಿಷಿನ ‘ಎ’, ‘ದ’ ಥರದ ಪದಗಳಿಲ್ಲ. ಆ ಕೆಲಸವನ್ನು ಹೆಚ್ಚಾಗಿ ಪದಗಳ ಕ್ರಮವೇ ಮಾಡುತ್ತದೆ: ಗೊತ್ತಿರುವ ಸಂಗತಿ ಮೊದಲು, ಹೊಸದು ಕೊನೆಗೆ ಬರುತ್ತದೆ. ಅಲ್ಲಿಯ ವ್ಯಾಕರಣದಲ್ಲಿ ಮೊದಲನೆಯದನ್ನು ತೇಮಾ, ಎರಡನೆಯದನ್ನು ರೇಮಾ ಅನ್ನುತ್ತಾರೆ. ಅವಳು ಇಂಗ್ಲಿಷಿನ ಕ್ರಮದಲ್ಲಿ ಯೋಚಿಸಿ, ಕರ್ತೃವನ್ನು ಸುಮ್ನೆ ಮೊದಲಿಗಿಟ್ಟಿದ್ದಳು. ಕನ್ನಡದಲ್ಲಿ ಯೋಚಿಸಿದ್ದರೆ ಕೈ ತಾನಾಗಿಯೇ ಸರಿಯಾಗಿ ಬರೆಯುತ್ತಿತ್ತೇನೋ. ‘ಬಾಗಿಲ ಹತ್ತಿರ ಒಬ್ಬ ಅಜ್ಜಿ ನಿಂತಿದ್ದಳು’ ಅಂತಲೇ ನಾವು ಹೇಳೋದು, ಅಲ್ವಾ? ನಮ್ಮಲ್ಲಿ ಕ್ರಿಯಾಪದ ಕೊನೆಗೇ ಇರುವುದರಿಂದ ಹೊಸದು ಅದರ ಮುಂಚೆ ಬಂದು ಕೂರುತ್ತದೆ, ಅಷ್ಟೇ ವ್ಯತ್ಯಾಸ.

ಅವಳಿಗೆ ಗುಟ್ಟು ಸಿಕ್ಕ ಖುಷಿ. ಮುಂದಿನ ವಾಕ್ಯವನ್ನೂ ತಿರುಗಿಸಿದಳು. ‘ಅನಾ ಪದಶ್ಲಾ ಕೊ ಮ್ನ್ಯೆ’, ಅಂದರೆ ಅವಳು ನನ್ನ ಹತ್ತಿರ ಬಂದಳು. ಅದನ್ನು ‘ಕೊ ಮ್ನ್ಯೆ ಪದಶ್ಲಾ ಅನಾ’ ಮಾಡಿದಳು. ಇದು ಬೇಡವಾಗಿತ್ತು. ಅಜ್ಜಿಯ ಪರಿಚಯ ಆಗಲೇ ಆಗಿದೆ, ಹೊಸ ಸಂಗತಿ ಅವಳು ಹತ್ತಿರ ಬಂದದ್ದು. ‘ಅನಾ’ ಕೊನೆಗೆ ಹೋದರೆ ‘ಬಂದದ್ದು ಬೇರೆ ಯಾರೂ ಅಲ್ಲ, ಅವಳೇ’ ಅನ್ನೋ ಒತ್ತು ಬರುತ್ತದೆ. ಮತ್ತೆ ಅದೇ ಪ್ರಶ್ನೆ ಕೇಳಿದೆ. ‘ಅಜ್ಜಿ ಏನು ಮಾಡಿದಳು ಅಂತ’ ಅಂದು ಅವಳೇ ಹಳೆಯ ಕ್ರಮಕ್ಕೆ ತಂದಳು.

‘ಆದರೆ ನಮ್ಮ ರಷ್ಯನ್ ಗೆಳತಿ ಮಾತಾಡುವಾಗ ಹೊಸದನ್ನು ಮೊದಲೇ ಹೇಳ್ತಾಳಲ್ಲ, ಮ್ಯಾಮ್?’ ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಮಾತಿನಲ್ಲಿ ದನಿಯ ಒತ್ತು ಆ ಕೆಲಸ ಮಾಡುತ್ತದೆ. ಕಾಗದದ ಮೇಲೆ ದನಿ ಇಲ್ಲ, ಓದುವವರು ಒತ್ತು ಕೊನೆಯ ಪದಕ್ಕೇ ಕೊಡುತ್ತಾರೆ. ಅದಕ್ಕೇ ಒಂಟಿ ವಾಕ್ಯ ತಂದು ‘ಇದು ಸರಿನಾ?’ ಅಂತ ಕೇಳುವವರಿಗೆ ನಾನು ಹಿಂದಿನ ಸಾಲನ್ನೂ ತೋರಿಸು ಅನ್ನುತ್ತೇನೆ. ಅಜ್ಜಿ ಮೊದಲೇ ಪರಿಚಯವಾಗಿದ್ದರೆ ಹುಡುಗಿ ಮೊದಲು ಬರೆದ ವಾಕ್ಯವೇ ಸರಿಯಾಗಿರುತ್ತಿತ್ತು.