ಚಿನ್ನ ಕಟ್ಟುವ ಮೊದಲೇ ಮುಖ ಎಣಿಸಬೇಕಿತ್ತು

ಮಡಿಕೇರಿಯ ಒಂದು ಚಿನ್ನದಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ. ಹೋದ ವರ್ಷ ಕಾವೇರಿ ಸಂಕ್ರಮಣಕ್ಕೆ ವಾರ ಇದ್ದಾಗ ನಡೆದದ್ದು ಇದು. ಇವತ್ತಿಗೂ ಯಾರಾದರೂ ರುದ್ರಾಕ್ಷಿ ಹಿಡಿದುಕೊಂಡು ಒಳಗೆ ಬಂದರೆ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ.

ಸೋಮವಾರಪೇಟೆ ಕಡೆಯ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಬಂದರು. ಕಾಶಿಗೆ ಹೋಗಿದ್ದಾಗ ಹದಿನೆಂಟು ಸಾವಿರ ಕೊಟ್ಟು 9 ಮುಖದ ರುದ್ರಾಕ್ಷಿ ತಂದಿದ್ದರು. ಅದಕ್ಕೆ ಚಿನ್ನದ ಕಟ್ಟು ಹಾಕಿಸಿ, ಸಂಕ್ರಮಣದ ದಿನ ತಲಕಾವೇರಿಯಲ್ಲಿ ತೀರ್ಥ ಮುಟ್ಟಿಸಿ ಹಾಕಿಕೊಳ್ಳಬೇಕು ಅನ್ನುವುದು ಅವರ ಆಸೆ. "ಒಮ್ಮೆ ಅಸಲಿನಾ ನೋಡಮ್ಮ" ಅಂದರು.

ನಾನು ನೋಡಿದೆ. ಲೋಟದ ನೀರಿಗೆ ಹಾಕಿದೆ, ಮುಳುಗಿತು. ಎರಡು ತಾಮ್ರದ ನಾಣ್ಯಗಳ ನಡುವೆ ಇಟ್ಟು ಒತ್ತಿದೆ, ತಿರುಗಿತು. ಮುಖಕ್ಕೊಂದರಂತೆ ಮಣಿಯ ಮೇಲೆ ಗೆರೆ ಇರುತ್ತದೆ, ಅದನ್ನು ಎಣಿಸಿದೆ, ಒಂಬತ್ತಿತ್ತು. ಜಾಬ್ ಚೀಟಿಯಲ್ಲಿ "9 ಮುಖ, ಅಸಲಿ" ಅಂತ ಬರೆದು ಸಹಿ ಹಾಕಿದೆ. ಐದು ನಿಮಿಷವೂ ಆಗಲಿಲ್ಲ. ಕೈಗೆಟುಕುವ ದೂರದಲ್ಲೇ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇತ್ತು. ವಜ್ರಕ್ಕೆ ಮಾತ್ರ ಅದು ಬೇಕು ಅಂದುಕೊಂಡಿದ್ದೆ.

ನಾಲ್ಕು ದಿನ ಬಿಟ್ಟು ಅವರು ಡೆಲಿವರಿಗೆ ಬಂದು ಕೂತಿದ್ದರು. ಕಟ್ಟಿನ ಪಾಲಿಶ್ ಮಸಿ ಮಣಿಯ ಸಂದಿಗೆಲ್ಲ ಮೆತ್ತಿಕೊಂಡಿತ್ತು. ನಮ್ಮ ಆಚಾರ್ರು ಅದನ್ನು ಬೆಚ್ಚಗಿನ ಸೋಪಿನ ನೀರಿನ ಅಲ್ಟ್ರಾಸೋನಿಕ್ ತೊಳೆಯುವ ಯಂತ್ರಕ್ಕೆ ಮೂರು ನಿಮಿಷ ಬಿಟ್ಟರು. ತೆಗೆದಾಗ ನೀರು ಕಂದು. ಮಸಿಯ ಜೊತೆ ಬಣ್ಣವೂ ಬಿಟ್ಟಿತ್ತು. ಮಣಿ ಒರೆಸಿ ನೋಡಿದರೆ ಆರು ಗೆರೆ ಕಪ್ಪಗೆ, ಮೂರು ಗೆರೆ ಆಗಷ್ಟೇ ಕೆತ್ತಿದ ಮರದ ಹಾಗೆ ಬಿಳಿಚಿಕೊಂಡಿದ್ದವು.

"ಏನಮ್ಮ ಇದು, ಮಣಿ ಹಾಳು ಮಾಡಿದಿರಾ?" ಅಂದರು ರೈಟರು. ಅವರ ಕೈಯಲ್ಲಿ ನಾನೇ ಸಹಿ ಹಾಕಿದ ಚೀಟಿ. ನಾನೇನು ಹೇಳಲಿ? ತಂದಿದ್ದೇ ಹೀಗೆ ಅಂದರೆ, ಅಸಲಿ ಅಂತ ಬರೆದದ್ದು ಯಾರು? ನಾವು ಹಾಳು ಮಾಡಿದೆವು ಅಂದರೆ ಅದು ಸುಳ್ಳು. ಅಷ್ಟರಲ್ಲಿ ಯಜಮಾನರು ಒಳಗಿನಿಂದ ಬಂದು, ಏನಾಯಿತು ಅಂತ ಕೇಳುವ ಮೊದಲೇ, ಬೇರೆ ಗಿರಾಕಿಗಳ ಎದುರು ಗಲಾಟೆ ಬೇಡ ಅಂದುಬಿಟ್ಟರು. ಅದು ಇನ್ನೂ ಕಷ್ಟ ಮಾಡಿತು. ರೈಟರು ದನಿ ಏರಿಸಲಿಲ್ಲ, ಸುಮ್ನೆ ಮಣಿಯನ್ನೇ ನೋಡುತ್ತಾ ಕೂತರು. ಬೈದಿದ್ದರೆ ವಾಸಿ ಇತ್ತು.

ಆಚಾರ್ರು ಲೂಪ್ ನನ್ನ ಕೈಗೆ ಕೊಟ್ಟು "ನೀನೇ ನೋಡು" ಅಂದರು. ನೋಡಿದೆ. ಹುಟ್ಟಿನಿಂದ ಬಂದ ಗೆರೆ ಹಳ್ಳದಲ್ಲಿ ಹರಿಯುವ ತೋಡಿನ ಹಾಗೆ ಇರುತ್ತದೆ. ಎರಡೂ ಕಡೆಯ ಮುಳ್ಳು, ಉಬ್ಬುಗಳು ಅದರ ಕಡೆಗೆ ಇಳಿಯುತ್ತವೆ. ಅಂಚು ಅಂಕುಡೊಂಕು. ಒಂದು ತುದಿಯ ತೂತಿನಿಂದ ಇನ್ನೊಂದು ತುದಿಯ ತೂತಿನವರೆಗೆ ಎಲ್ಲೂ ಕಡಿಯುವುದಿಲ್ಲ. ತಳದಲ್ಲಿ ಕೂದಲಿನಷ್ಟು ಸಣ್ಣ ಹೊಲಿಗೆ ಕಾಣುತ್ತದೆ, ಸೂಜಿ ಮೊನೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಮೂರು ಗೆರೆಗಳಲ್ಲಿ ಇದ್ಯಾವುದೂ ಇರಲಿಲ್ಲ. ಅವು ಉಬ್ಬಿನ ನಡುವೆಯೇ ಹಾದು ಹೋಗಿದ್ದವು, ಮುಳ್ಳುಗಳು ಅರ್ಧಕ್ಕೆ ಕತ್ತರಿಸಿದಂತಿದ್ದವು. ಅಂಚು ಚೂಪು. ತಳ ಗಟ್ಟಿ, ಸೂಜಿ ಜಾರುತ್ತಿತ್ತು. ಎರಡು ಗೆರೆಗಳಂತೂ ತೂತು ಮುಟ್ಟುವ ಮೊದಲೇ ನಿಂತುಬಿಟ್ಟಿದ್ದವು, ಕೊನೆಯ ಒಂದೆರಡು ಮಿಲಿಮೀಟರನ್ನು ಚಿನ್ನದ ಕಟ್ಟು ಮುಚ್ಚಿಕೊಂಡಿದ್ದರಿಂದ ಅದನ್ನು ಬಗ್ಗಿಸಿ ನೋಡಬೇಕಾಯಿತು.

ಆಗ ನನಗೆ ನನ್ನ ತಪ್ಪು ಏನು ಅಂತ ಗೊತ್ತಾಯಿತು. ಅದು ನಿಜವಾದ ರುದ್ರಾಕ್ಷಿಯೇ. ಮರವೂ ಅದೇ, ಬೀಜವೂ ಅದೇ. ಆರು ಮುಖದ ಮಣಿಗೆ ಮೂರು ಗೆರೆ ಕೊರೆದು ಒಂಬತ್ತು ಮಾಡಿದ್ದರು. ಆರು ಮುಖದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂಬತ್ತಕ್ಕೆ ಸಾವಿರಗಟ್ಟಲೆ. ಮೋಸ ಇದ್ದದ್ದು ಲೆಕ್ಕದಲ್ಲಿ. ನೀರಿನ ಲೋಟಕ್ಕೆ ಗೆರೆ ಎಣಿಸಲು ಬರುವುದಿಲ್ಲ ಅಲ್ವಾ.

ಇನ್ನೂ ಹೇಳಬೇಕೆಂದರೆ ನೀರು ಅಸಲಿ ನಕಲಿಯನ್ನೂ ಸರಿಯಾಗಿ ಹೇಳುವುದಿಲ್ಲ. ರುದ್ರಾಕ್ಷಿಯ ಒಳಗೆ ಟೊಳ್ಳು ಕೋಣೆಗಳಿವೆ. ತುಂಬಾ ಒಣಗಿದ ಅಸಲಿ ಮಣಿಯೂ ಗಾಳಿ ತುಂಬಿಕೊಂಡು ತೇಲಬಹುದು. ಭಾರದ ಬೇರೆ ಬೀಜ ಕೆತ್ತಿದ್ದರೆ ಮುಳುಗಬಹುದು. ತಾಮ್ರದ ನಾಣ್ಯದ ವಿಷಯವೂ ಅಷ್ಟೇ. ಮುಳ್ಳುಮುಳ್ಳಾದ ಗುಂಡು ವಸ್ತುವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಉಬ್ಬಿನ ಮೇಲೆ ಜಾರಿ ತಿರುಗುತ್ತದೆ. ಅದರಲ್ಲಿ ಶಕ್ತಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಇದನ್ನು ನಾನು ಗಿರಾಕಿಗಳ ಎದುರು ವರ್ಷಗಟ್ಟಲೆ ಮಾಡಿದ್ದೇನೆ.

ರೈಟರಿಗೆ ನಮ್ಮ ಮಾತಿನ ಮೇಲೆ ನಂಬಿಕೆ ಉಳಿದಿರಲಿಲ್ಲ, ಅದು ನ್ಯಾಯವೇ. ಎದುರಿಗಿರುವ ದಂತ ವೈದ್ಯರ ಹತ್ತಿರ ಎಕ್ಸ್‌ರೇ ಮಾಡಿಸೋಣ ಅಂದೆ. ಮುಖಕ್ಕೆ ಒಂದರಂತೆ ಒಳಗೆ ಕೋಣೆ ಇರುತ್ತದೆ, ಗೆರೆ ಅಂದರೆ ಎರಡು ಭಾಗ ಕೂಡುವ ಜಾಗ. ಹೊರಗೆ ಎಷ್ಟು ಕೊರೆದರೂ ಒಳಗೆ ಕೋಣೆ ಹುಟ್ಟುವುದಿಲ್ಲ. ಆದರೆ ಇಲ್ಲೊಂದು ತೊಡಕು. ಮಣಿಯನ್ನು ಅಡ್ಡ ಮಲಗಿಸಿ ತೆಗೆದರೆ ಕೋಣೆಗಳು ಒಂದರ ಮೇಲೊಂದು ಬಂದು ಎಣಿಸಲು ಆಗುವುದಿಲ್ಲ. ತೂತು ಮೇಲೆ ಬರುವಂತೆ ನಿಲ್ಲಿಸಿ ತೆಗೆಯಬೇಕು. ಹಾಗೆ ನಿಲ್ಲಿಸಿದರೆ ಎರಡೂ ತುದಿಯ ಚಿನ್ನದ ಕಟ್ಟು ಕಿರಣವನ್ನೇ ತಡೆದು ಬರೀ ಬಿಳಿ ವೃತ್ತ ಬರುತ್ತದೆ. ಆಚಾರ್ರು ಎರಡು ದಿನದ ತಮ್ಮ ಕೆಲಸವನ್ನು ತಾವೇ ಕತ್ತರಿಸಿ ತೆಗೆದರು. ಒಂದು ಮಾತೂ ಆಡಲಿಲ್ಲ.

ವೈದ್ಯರು ಮೊದಲ ಸಲ ತೆಗೆದ ಚಿತ್ರ ಮಬ್ಬು, ಮಣಿ ಸ್ವಲ್ಪ ವಾಲಿತ್ತು. ಕೆಳಗೆ ಮೇಣ ಇಟ್ಟು ನೆಟ್ಟಗೆ ನಿಲ್ಲಿಸಿ ಇನ್ನೊಮ್ಮೆ ತೆಗೆದರು. ನಡುವೆ ತೂತು, ಸುತ್ತ ಹೂವಿನ ಎಸಳಿನಂತೆ ಆರು ಕೋಣೆ. ಐದರಲ್ಲಿ ಬೀಜ, ಒಂದು ಖಾಲಿ. ಬೀಜ ಬಲಿಯದೆ ಕೋಣೆ ಖಾಲಿ ಉಳಿಯುವುದು ಸಹಜ, ಹಾಗಾಗಿ ಬೀಜ ಎಣಿಸಬೇಡಿ, ಕೋಣೆ ಎಣಿಸಿ. ಕೆಲವೊಮ್ಮೆ ಕೋಣೆಯೇ ಚಪ್ಪಟೆಯಾಗಿ ಗೀಟಿನಷ್ಟು ಮಾತ್ರ ಕಾಣುತ್ತದೆ. ಮುಖ ಜಾಸ್ತಿ ಇರುವ ಮಣಿಗಳಲ್ಲಿ ಒಂದೇ ಎಕ್ಸ್‌ರೇಯಲ್ಲಿ ಇದು ಬಿಡಿಸುವುದು ಕಷ್ಟ, ಸಿ.ಟಿ. ಸ್ಕ್ಯಾನ್ ಬೇಕಾಗಬಹುದು.

ಈಗ ಕೌಂಟರಿಗೆ ಮಣಿ ಬಂದರೆ ಮೊದಲು ಲೂಪ್ ಮತ್ತು ಸೂಜಿ. ಪ್ರತಿ ಗೆರೆಯನ್ನೂ ತೂತಿನಿಂದ ತೂತಿಗೆ ಹಿಂಬಾಲಿಸುತ್ತೇನೆ. ಗಿರಾಕಿ ಒಪ್ಪಿದರೆ ಬೆಚ್ಚಗಿನ ಸೋಪಿನ ನೀರು ಮತ್ತು ಮೆತ್ತಗಿನ ಬ್ರಷ್, ಬಣ್ಣ ಬಿಟ್ಟರೆ ಮತ್ತೆ ಲೂಪ್. ಬೆಲೆ ಜಾಸ್ತಿಯದಾದರೆ ಎಕ್ಸ್‌ರೇ ತಂದ ಮೇಲೆಯೇ ಕಟ್ಟು. ಹೊತ್ತು ಹೋಗುತ್ತದೆ ಅಂತ ಯಜಮಾನರಿಗೆ ಬೇಸರ. ಸಂಕ್ರಮಣದ ವಾರದಲ್ಲಿ ಇಪ್ಪತ್ತು ಮಣಿ ಬರುತ್ತವೆ, ಒಂದೊಂದಕ್ಕೂ ಹೀಗೆ ಕೂತರೆ ಹೇಗೆ ಅನ್ನುತ್ತಾರೆ. ಕೂರಲೇಬೇಕು ಅಂತ ನಾನೂ ಹೇಳಿದ್ದೇನೆ. ಅಸಲಿ ಅನ್ನುವ ಪದವನ್ನು ಚೀಟಿಯಲ್ಲಿ ಬರೆಯುವುದಿಲ್ಲ, "ಗೆರೆ 9, ಎಕ್ಸ್‌ರೇ ಆಗಿಲ್ಲ" ಅಂತ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅವತ್ತು ಕೂಲಿ ಬೇಡ ಅಂದೆವು, ಕಟ್ಟನ್ನು ಆಚಾರ್ರು ರಾತ್ರಿ ಕೂತು ಮತ್ತೆ ಮಾಡಿದರು. ಬೆಳಿಗ್ಗೆ ರೈಟರು ಬಂದಾಗ ಮಣಿ ಹಿಂದಿರುಗಿಸುವ ಮಾತೇ ಎತ್ತಲಿಲ್ಲ. "ಆರು ಮುಖ ಅಂದರೂ ರುದ್ರಾಕ್ಷಿ ತಾನೇ" ಅಂದು ಕೊರಳಿಗೆ ಹಾಕಿಕೊಂಡರು. ಆಮೇಲೆ ಜೇಬಿನಿಂದ ಹಳೆಯ ಚೀಟಿ ತೆಗೆದು ನನ್ನ ಮುಂದಿಟ್ಟರು. "ಒಂಬತ್ತನ್ನು ಹೊಡೆದು ಆರು ಅಂತ ಬರೆದುಕೊಡಮ್ಮ." ಹೊಡೆದು ಬರೆದೆ, ಪಕ್ಕದಲ್ಲಿ ಮತ್ತೆ ಸಹಿ ಹಾಕಿದೆ.